ಕೆಂಪು ಚುಕ್ಕೆ ಕಾಣದಿದ್ದರೂ ಬ್ಯಾಂಡ್ ಸ್ಯಾಚುರೇಟ್ ಆಗಿರಬಹುದು: ವೆಸ್ಟರ್ನ್ ಬ್ಲಾಟ್ ಅಳೆಯುವ ಬಗ್ಗೆ

ಪರದೆಯ ಮೇಲಿರುವ ಈ ವೆಸ್ಟರ್ನ್ ಬ್ಲಾಟ್ ನೋಡಿ. ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿದ ಪ್ರೋಟೀನ್‌ಗಳನ್ನು ಮೆಂಬ್ರೇನಿಗೆ ದಾಟಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಗುರುತಿಸಿ ತೆಗೆದ ಚಿತ್ರ ಇದು. ಹೀಲಾ ಜೀವಕೋಶಗಳನ್ನು ಒಡೆದು ತೆಗೆದ ದ್ರವ, ಅಂದರೆ ಲೈಸೇಟ್, ಮೂರು ಲೇನ್. ಮೊದಲನೆಯದು 37 ಡಿಗ್ರಿಯಲ್ಲೇ ಇದ್ದ ಕಂಟ್ರೋಲ್. ಎರಡನೆಯದನ್ನು 43 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಮತ್ತೆ 37ಕ್ಕೆ ತಂದು ಕೆಲವು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟಿದೆ. ಇದೇ ಹೀಟ್ ಶಾಕ್. ಮೂರನೆಯದಕ್ಕೂ ಅದೇ ಶಾಕ್, ಆದರೆ ಮೊದಲೇ ಒಂದು ಔಷಧ ಹಾಕಿದೆ. ಪ್ರತಿ ಲೇನ್‌ಗೆ 20 ಮೈಕ್ರೋಗ್ರಾಂ ಪ್ರೋಟೀನ್. ಮೆಂಬ್ರೇನನ್ನು 50 ಕಿಲೋಡಾಲ್ಟನ್ ಗುರುತಿನ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಮೇಲಿನ ತುಂಡಿಗೆ ಎಚ್‌ಎಸ್‌ಪಿ70 ಆಂಟಿಬಾಡಿ, ಕೆಳಗಿನ ತುಂಡಿಗೆ ಜಿಎಪಿಡಿಎಚ್ ಆಂಟಿಬಾಡಿ ಹಾಕಿದೆ. ಎಚ್‌ಎಸ್‌ಪಿ70 ಹೀಟ್ ಶಾಕ್‌ಗೆ ಏರುವ ಪ್ರೋಟೀನ್. ಜಿಎಪಿಡಿಎಚ್ ಇಲ್ಲಿ ಲೋಡಿಂಗ್ ಕಂಟ್ರೋಲ್, ಎಲ್ಲ ಲೇನ್‌ಗೂ ಸಮವಾಗಿ ಹಾಕಿದೆಯೋ ಅಂತ ನೋಡಲು. ಒಂದು 70 ಕಿಲೋಡಾಲ್ಟನ್, ಇನ್ನೊಂದು ಸುಮಾರು 37. ಹಾಗಾಗಿ ಕತ್ತರಿ ಆಡಿಸಲು ಮಧ್ಯೆ ಬೇಕಾದಷ್ಟು ಜಾಗ ಇದೆ.

ಜಿಎಪಿಡಿಎಚ್ ಸಾಲು ಎಷ್ಟು ಚೆನ್ನಾಗಿದೆ ಅಲ್ವಾ? ಮೂರೂ ಬ್ಯಾಂಡ್ ಒಂದೇ ಥರ ದಪ್ಪ, ಒಂದೇ ಥರ ಕಪ್ಪು. ಅಳತೆಯ ಮಿತಿ ಮೀರಿದ ಜಾಗಕ್ಕೆ ಹಾಕುವ ಕೆಂಪು ಚುಕ್ಕೆಯನ್ನು ಚಿತ್ರ ತೆಗೆದ ಸಾಫ್ಟ್‌ವೇರ್ ಎಲ್ಲೂ ತೋರಿಸಿಲ್ಲ. ಎಚ್‌ಎಸ್‌ಪಿ70 ಬ್ಯಾಂಡ್‌ಗಳನ್ನು ಅಳೆದರೆ ಕಂಟ್ರೋಲ್ 2000, ಶಾಕ್ 9000, ಔಷಧ ಕೊಟ್ಟ ಶಾಕ್ 7300. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು ದುಂಡಗೆ ಮಾಡಿಕೊಂಡ ಮಾದರಿ ಅಂಕಿಗಳಿವು. ಆದರೆ ಅವು ನಡೆದುಕೊಳ್ಳುವ ರೀತಿ ಯಾವ ಲ್ಯಾಬಿನಲ್ಲೂ ಕಾಣುವಂಥದ್ದೇ. ಇದನ್ನು ನೋಡಿ ಬರೆಯುವ ಸಾಲು ಹೀಗಿರುತ್ತದೆ: ಶಾಕ್‌ನಿಂದ ಎಚ್‌ಎಸ್‌ಪಿ70 ನಾಲ್ಕೂವರೆ ಪಟ್ಟು ಏರಿತು, ಔಷಧ ಅದನ್ನು ಹತ್ತೊಂಬತ್ತು ಶೇಕಡಾ ಇಳಿಸಿತು. ಮೂರು ಸಲ ಮಾಡಿ ನೋಡಿದರೆ ಆ ಇಳಿಕೆ ಎರರ್ ಬಾರ್ ಒಳಗೆ ಮುಳುಗಿಹೋಗುತ್ತದೆ. ಔಷಧ ಕೆಲಸ ಮಾಡಲಿಲ್ಲ ಅಂತ ಪ್ರಯೋಗವನ್ನೇ ಕೈಬಿಡುತ್ತೀರಿ.

ಆ ಕೋಶಗಳಲ್ಲಿ ನಿಜವಾಗಿ ಆಗಿದ್ದು ಬೇರೆ. ಏರಿಕೆ ಹತ್ತು ಪಟ್ಟು. ಔಷಧ ಅದನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದೆ. ಈ ವ್ಯತ್ಯಾಸ ಎಲ್ಲಿ ಕಳೆದುಹೋಯಿತು, ಅದನ್ನು ಹೇಗೆ ಕಂಡುಹಿಡಿಯೋದು, ಇಷ್ಟೇ ಇವತ್ತಿನ ಮಾತು.

ಸ್ಯಾಚುರೇಶನ್ ಅಂದ ಕೂಡಲೇ ನಮಗೆ ನೆನಪಾಗುವುದು ಕ್ಯಾಮೆರಾ. ಸಿಸಿಡಿ ಕ್ಯಾಮೆರಾದ ಪ್ರತಿ ಪಿಕ್ಸೆಲ್ ಒಂದು ಕೊಡ ಇದ್ದ ಹಾಗೆ. ಬೆಳಕು ಬಿದ್ದಷ್ಟೂ ತುಂಬುತ್ತದೆ. ತುಂಬಿ ಹರಿದ ಮೇಲೆ ಎಷ್ಟು ಬಿತ್ತು ಅಂತ ಕೊಡ ನೋಡಿ ಹೇಳಲು ಬರುವುದಿಲ್ಲ. 16 ಬಿಟ್ ಚಿತ್ರದಲ್ಲಿ ಆ ಅಂಚು 65535. ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸುವುದು ಇದಕ್ಕೇ. ಇಲ್ಲಿ ಒಂದು ಎಚ್ಚರಿಕೆ. ಕೆಲವು ಕ್ಯಾಮೆರಾಗಳು ಒಳಗೆ 12 ಅಥವಾ 14 ಬಿಟ್ ಆಗಿದ್ದು, ಫೈಲ್ ಮಾತ್ರ 16 ಬಿಟ್‌ನಲ್ಲಿ ಉಳಿಸುತ್ತವೆ. ಆಗ ಅಂಚು 4095ಕ್ಕೋ 16383ಕ್ಕೋ ಬಂದುಬಿಟ್ಟಿರಬಹುದು. ನೀವು 65535 ಹುಡುಕುತ್ತಾ, ಸಿಗಲಿಲ್ಲ ಅಂತ ನೆಮ್ಮದಿಯಾಗಿ ಇರುತ್ತೀರಿ. ಅದಕ್ಕೇ ಸಂಖ್ಯೆಯ ಜೊತೆಗೆ ಬ್ಯಾಂಡಿನ ಆಕಾರವನ್ನೂ ನೋಡಬೇಕು. ಬ್ಯಾಂಡನ್ನು ಮೇಲಿಂದ ಕೆಳಕ್ಕೆ ದಾಟಿ ಹೋಗುವ ಪ್ರೊಫೈಲ್ ತೆಗೆಯಿರಿ. ಒಳ್ಳೆಯ ಬ್ಯಾಂಡಿಗೆ ದುಂಡನೆಯ ಶಿಖರ ಇರುತ್ತದೆ. ಕ್ಯಾಮೆರಾ ತುಂಬಿ ಹರಿದ ಬ್ಯಾಂಡಿನ ನೆತ್ತಿ ಚಾಕುವಿನಲ್ಲಿ ಕೊಯ್ದ ಹಾಗೆ ಚಪ್ಪಟೆ.

ಈ ತೊಂದರೆಗೆ ಮದ್ದು ಸುಲಭ. ಎಕ್ಸ್‌ಪೋಶರ್ ಕಡಿಮೆ ಮಾಡಿದರೆ ಆಯಿತು. ನಮ್ಮ ಬ್ಲಾಟ್‌ನಲ್ಲಿ ಇದು ಆಗಿಯೇ ಇಲ್ಲ, ಕ್ಯಾಮೆರಾ ಆರಾಮಾಗಿದೆ. ಚಪ್ಪಟೆಯಾಗಿದ್ದು ಮೆಂಬ್ರೇನ್ ಮೇಲೆ.

ಬ್ಯಾಂಡುಗಳನ್ನು ಬೆಳಗಿಸಲು ಹಾಕುವ ಇಸಿಎಲ್ ದ್ರಾವಣ ಹೇಗೆ ಬೆಳಕು ಕೊಡುತ್ತದೆ ಅನ್ನೋದನ್ನು ಒಂದು ನಿಮಿಷ ನೆನಪು ಮಾಡಿಕೊಳ್ಳೋಣ. ಬ್ಯಾಂಡಿನ ಪ್ರೋಟೀನಿಗೆ ಪ್ರೈಮರಿ ಆಂಟಿಬಾಡಿ, ಅದಕ್ಕೆ ಸೆಕೆಂಡರಿ, ಸೆಕೆಂಡರಿಯ ಬೆನ್ನಿಗೆ ಎಚ್‌ಆರ್‌ಪಿ ಕಿಣ್ವ. ಆ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಲ್ಯೂಮಿನಾಲನ್ನು ಆಕ್ಸಿಡೈಸ್ ಮಾಡುತ್ತದೆ, ಬೆಳಕು ಬರುತ್ತದೆ. ಚಿತ್ರದಲ್ಲಿ ಆ ಬೆಳಕನ್ನೇ ಕಪ್ಪಾಗಿ ತೋರಿಸುತ್ತೇವೆ. ಬ್ಯಾಂಡಿನಲ್ಲಿ ಪ್ರೋಟೀನ್ ವಿಪರೀತ ಇದ್ದರೆ ಅಲ್ಲಿ ಕಿಣ್ವವೂ ವಿಪರೀತ. ಸುತ್ತಲಿನ ಲ್ಯೂಮಿನಾಲ್ ನೋಡನೋಡುತ್ತಲೇ ಮುಗಿದುಹೋಗುತ್ತದೆ. ಜೊತೆಗೆ, ರಭಸದ ಕೆಲಸದಲ್ಲಿ ಕಿಣ್ವವೇ ಕೆಟ್ಟುಹೋಗುತ್ತದೆ. ಇನ್ನೂ ಒಂದು ಕಾರಣ ಇದೆ. ಪ್ರೋಟೀನ್ ಒತ್ತೊತ್ತಾಗಿ ಕೂತ ಕಡೆ ಎಲ್ಲಕ್ಕೂ ಆಂಟಿಬಾಡಿ ತಲುಪುವುದಿಲ್ಲ. ಕೆಲವೊಮ್ಮೆ ಮೆಂಬ್ರೇನಿಗೇ ಅಷ್ಟೊಂದು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಇಷ್ಟೆಲ್ಲ ಸೇರಿ, ಪ್ರೋಟೀನ್ ಎರಡು ಪಟ್ಟಾದರೆ ಬೆಳಕು ಎರಡು ಪಟ್ಟಾಗುವುದಿಲ್ಲ. ಹೊರಟಿದ್ದೇ ಕಡಿಮೆ ಬೆಳಕು. ಕ್ಯಾಮೆರಾ ಅದನ್ನು ನಿಯತ್ತಾಗಿ ಅಳೆಯಿತು. ಕೆಂಪು ಚುಕ್ಕೆ ಬರಲು ಕಾರಣವೇ ಇಲ್ಲ.

ಇದು ತೀರಾ ಮುಂದುವರಿದಾಗ ಬರಿಗಣ್ಣಿಗೇ ಕಾಣುತ್ತದೆ. ಬ್ಯಾಂಡಿನ ನಡುಭಾಗ ಬೆಳ್ಳಗಾಗಿ ಅಂಚು ಮಾತ್ರ ಕಪ್ಪಗೆ ಉಳಿಯುತ್ತದೆ. ಮೆಂಬ್ರೇನ್ ಎತ್ತಿ ನೋಡಿದರೆ ಅದೇ ಜಾಗದಲ್ಲಿ ಕಂದು ಕಲೆ ಇರುತ್ತದೆ. ಅದನ್ನು ನೋಡಿದವರು ಯಾರೂ ಅಳೆಯಲು ಹೋಗುವುದಿಲ್ಲ. ಅಪಾಯ ಇರುವುದು ಅದಕ್ಕಿಂತ ಮೊದಲಿನ ಹಂತದಲ್ಲಿ. ಆಗ ಬ್ಯಾಂಡ್ ಕಪ್ಪಗೆ, ಅಂದವಾಗಿ, ಪ್ರಬಂಧಕ್ಕೆ ಹಾಕುವಷ್ಟು ಚೆನ್ನಾಗಿ ಕಾಣುತ್ತಿರುತ್ತದೆ.

ಯಾವ ಥರದ ಸ್ಯಾಚುರೇಶನ್ ಅಂತ ಬೇರ್ಪಡಿಸಿ ನೋಡುವ ಒಂದು ಪರೀಕ್ಷೆ ಹೇಳುತ್ತೇನೆ. ಅದೇ ಬ್ಲಾಟನ್ನು ಬೆನ್ನುಬೆನ್ನಿಗೆ 5, 10, 20 ಸೆಕೆಂಡ್ ಎಕ್ಸ್‌ಪೋಶರ್ ತೆಗೆಯಿರಿ. ಪ್ರತಿ ಸಲ ಶಾಕ್ ಮತ್ತು ಕಂಟ್ರೋಲ್ ಬ್ಯಾಂಡುಗಳ ಅನುಪಾತ ನೋಡಿ. ಸಮಯ ಹೆಚ್ಚಿದಂತೆ ಅನುಪಾತ ಕುಗ್ಗಿದರೆ ಕ್ಯಾಮೆರಾ ತುಂಬುತ್ತಿದೆ. ನಮ್ಮ ಬ್ಲಾಟ್‌ನಲ್ಲಿ ಮೂರೂ ಸಲ ನಾಲ್ಕೂವರೆಯೇ ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಅನುಪಾತ ಬದಲಾಗಲಿಲ್ಲ, ಹಾಗಾದರೆ ಲೀನಿಯರ್, ಅಂದರೆ ಪ್ರೋಟೀನ್ ಏರಿದಷ್ಟೇ ಬೆಳಕೂ ಏರಿದೆ ಅಂತ ಬರೆದುಕೊಂಡುಬಿಡುತ್ತಾರೆ. ಆ ಪರೀಕ್ಷೆ ಹೇಳಿದ್ದು ಕ್ಯಾಮೆರಾ ಸರಿ ಇದೆ ಅಂತ ಮಾತ್ರ. ಮೆಂಬ್ರೇನ್ ಬಗ್ಗೆ ಅದು ಏನೂ ಹೇಳಿಲ್ಲ. ಅದೇ ಎಕ್ಸ್‌ಪೋಶರನ್ನು ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆದು ನೋಡಿ. ಕಪ್ಪು ಬ್ಯಾಂಡ್ ತೆಳು ಬ್ಯಾಂಡಿಗಿಂತ ಬೇಗ ಮಂಕಾಗಿದ್ದರೆ, ಅಲ್ಲಿ ಲ್ಯೂಮಿನಾಲ್ ಖಾಲಿಯಾಗುತ್ತಿದೆ ಅಥವಾ ಕಿಣ್ವ ಸಾಯುತ್ತಿದೆ ಅಂತ ಅರ್ಥ.

ಒಂದು ಸಣ್ಣ ಅಡ್ಡಮಾತು. ಡಾರ್ಕ್‌ರೂಮಿನಲ್ಲಿ ಎಕ್ಸ್‌ರೇ ಫಿಲ್ಮ್ ಬಳಸುವವರು ಇನ್ನೂ ಇದ್ದಾರೆ. ಫಿಲ್ಮ್‌ನಲ್ಲಿ ತೊಂದರೆ ಎರಡೂ ತುದಿಯಲ್ಲಿದೆ. ಮೇಲಿನ ತುದಿಯಲ್ಲಿ ಎಲ್ಲ ಬೆಳ್ಳಿಕಣಗಳೂ ಕಪ್ಪಾದ ಮೇಲೆ ಇನ್ನು ಕಪ್ಪಾಗಲು ಏನೂ ಉಳಿದಿರುವುದಿಲ್ಲ. ಕೆಳಗಿನ ತುದಿಯಲ್ಲಿ, ಒಂದು ಕಣ ಡೆವಲಪ್ ಆಗಬೇಕಾದರೆ ಅದಕ್ಕೆ ಕಡಿಮೆ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಫೋಟಾನ್ ಬಡಿಯಬೇಕು. ತೀರಾ ಮಂದ ಬ್ಯಾಂಡಿನಲ್ಲಿ ಎರಡನೆಯದು ಬರುವಷ್ಟರಲ್ಲಿ ಮೊದಲನೆಯದರ ಗುರುತು ಅಳಿಸಿಹೋಗಿರುತ್ತದೆ. ಹಾಗಾಗಿ ತೆಳು ಬ್ಯಾಂಡುಗಳು ಇರಬೇಕಾದ್ದಕ್ಕಿಂತ ಇನ್ನೂ ತೆಳುವಾಗಿ ಬೀಳುತ್ತವೆ. ಕಪ್ಪು ಬ್ಯಾಂಡ್ ಕುಗ್ಗುತ್ತದೆ, ತೆಳು ಬ್ಯಾಂಡೂ ಕುಗ್ಗುತ್ತದೆ. ಅನುಪಾತ ಯಾವ ಕಡೆಗೆ ತಪ್ಪಿದೆ ಅಂತ ಊಹಿಸಲೂ ಆಗುವುದಿಲ್ಲ. ಪ್ರೋಟೀನ್ ಇದೆಯೋ ಇಲ್ಲವೋ ನೋಡಲು ಫಿಲ್ಮ್ ಸಾಕು. ಎಷ್ಟು ಪಟ್ಟು ಅಂತ ಹೇಳಲು ನಾನು ಅದನ್ನು ನಂಬುವುದಿಲ್ಲ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಮೆಂಬ್ರೇನ್ ಮೇಲಿನ ಸ್ಯಾಚುರೇಶನ್ ಹಿಡಿಯಲು ನಂಬಿಕೆಯ ದಾರಿ ಡೈಲ್ಯೂಶನ್ ಸೀರೀಸ್. ನಿಮ್ಮ ಪ್ರಯೋಗದಲ್ಲಿ ಅತಿ ಕಪ್ಪಾಗಿ ಬರುವ ಸ್ಯಾಂಪಲ್ ಯಾವುದೋ ಅದನ್ನೇ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದು ಹೀಟ್ ಶಾಕ್ ಲೈಸೇಟ್. ಅದನ್ನು 20, 10, 5, 2.5, 1.25 ಮೈಕ್ರೋಗ್ರಾಂ ಆಗಿ ಐದು ಲೇನ್‌ಗೆ ಹಾಕಿ. ಜೆಲ್ಲಿನ ಪ್ರತಿ ಗುಳಿಗೆ ಹಾಕುವ ದ್ರವದ ಪ್ರಮಾಣ ಒಂದೇ ಇರಲಿ, ಉದಾಹರಣೆಗೆ 15 ಮೈಕ್ರೋಲೀಟರ್. ಅದಕ್ಕೆ ಟ್ಯೂಬಿನಲ್ಲೇ ಸ್ಯಾಂಪಲ್ ಬಫರ್ ಹಾಕಿ ಅರ್ಧರ್ಧ ತೆಳು ಮಾಡುತ್ತಾ ಹೋಗಿ. ಒಂದಕ್ಕೆ ಹದಿನೈದು, ಇನ್ನೊಂದಕ್ಕೆ ಒಂದು ಮೈಕ್ರೋಲೀಟರ್ ಹಾಕಿದರೆ ಬ್ಯಾಂಡಿನ ಅಗಲವೂ ಬದಲಾಗುತ್ತದೆ, ಪಿಪೆಟ್ಟಿನ ತಪ್ಪೂ ದೊಡ್ಡದಾಗುತ್ತದೆ.

ಬಂದ ಅಂಕಿಗಳನ್ನು ನೋಡಿ. ಎಚ್‌ಎಸ್‌ಪಿ70ಗೆ 1.25 ಮೈಕ್ರೋಗ್ರಾಂನಲ್ಲಿ 1250, 2.5ರಲ್ಲಿ 2500, 5ರಲ್ಲಿ 4900. ಇಲ್ಲಿಯವರೆಗೂ ಹಾಕಿದ್ದು ಎರಡರಷ್ಟಾದರೆ ಬೆಳಕೂ ಎರಡರಷ್ಟಾಗುತ್ತಿದೆ. ಆಮೇಲೆ 10ರಲ್ಲಿ 7300, 20ರಲ್ಲಿ 9000. ಹಾಕಿದ ಪ್ರೋಟೀನಿಗೆ ಎದುರಾಗಿ ಬೆಳಕನ್ನು ಗ್ರಾಫಿನಲ್ಲಿ ಗುರುತಿಸಿದರೆ ಇಲ್ಲಿ ಗೆರೆ ಬಾಗಿತು. ಅಂದರೆ ಈ ಆಂಟಿಬಾಡಿ, ಈ ಇಸಿಎಲ್, ಈ ಮೆಂಬ್ರೇನ್ ಜೊತೆಯಲ್ಲಿ ಸುಮಾರು 5000ದ ಮೇಲೆ ಬಂದ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಕಂಟ್ರೋಲ್ ಸ್ಯಾಂಪಲ್ಲಿನ 2000 ಮಾತ್ರ ಈ ವ್ಯಾಪ್ತಿಯೊಳಗೆ ಇತ್ತು. ಕಂಟ್ರೋಲ್ 20 ಮೈಕ್ರೋಗ್ರಾಂಗೆ 2000, ಅಂದರೆ ಮೈಕ್ರೋಗ್ರಾಂಗೆ 100. ಶಾಕ್ 2.5ಕ್ಕೆ 2500, ಅಂದರೆ ಮೈಕ್ರೋಗ್ರಾಂಗೆ 1000. ಹತ್ತು ಪಟ್ಟು. ಔಷಧ ಕೊಟ್ಟ ಸ್ಯಾಂಪಲ್ಲಿನ 7300 ಎಲ್ಲಿ ಕೂರುತ್ತದೆ ನೋಡಿ: ಸರಿಯಾಗಿ 10 ಮೈಕ್ರೋಗ್ರಾಂ ಶಾಕ್ ಲೈಸೇಟಿನ ಜಾಗದಲ್ಲಿ. ಅಂದರೆ ಅದರಲ್ಲಿ ಎಚ್‌ಎಸ್‌ಪಿ70 ಅರ್ಧ.

ಗೆರೆ ನೇರವಾಗಿದ್ದರೆ ಸಾಲದು, ಅದನ್ನು ಹಿಂದಕ್ಕೆ ಎಳೆದರೆ ಸೊನ್ನೆಯ ಹತ್ತಿರ ಮುಟ್ಟಬೇಕು. ಬ್ಯಾಕ್‌ಗ್ರೌಂಡ್ ಸರಿಯಾಗಿ ಕಳೆಯದೆ ಪ್ರತಿ ಬ್ಯಾಂಡಿಗೂ 1000 ಜಾಸ್ತಿ ಉಳಿದಿದೆ ಅಂದುಕೊಳ್ಳಿ. ಆಗ 2000 ಮತ್ತು 4000 ಆಗಬೇಕಾದ್ದು 3000 ಮತ್ತು 5000 ಆಗುತ್ತದೆ. ಗೆರೆ ನೇರವೇ ಇದೆ, ಆದರೆ ಎರಡು ಪಟ್ಟು ಇದ್ದದ್ದು 1.67 ಆಗಿದೆ. ಆರ್ ಸ್ಕ್ವೇರ್ 0.99 ಬಂತು ಅಂತ ಖುಷಿಪಡುವ ಮೊದಲು ಇಂಟರ್‌ಸೆಪ್ಟ್ ನೋಡಿ.

ಈಗ ಜಿಎಪಿಡಿಎಚ್. ಅದೇ ಮೆಂಬ್ರೇನಿನ ಕೆಳಗಿನ ತುಂಡು, ಅದೇ ಐದು ಲೇನ್. 1.25ರಲ್ಲಿ 1000, 2.5ರಲ್ಲಿ 2000, 5ರಲ್ಲಿ 3900, 10ರಲ್ಲಿ 5600, 20ರಲ್ಲಿ 6500. ಜಿಎಪಿಡಿಎಚ್ ಕೋಶದಲ್ಲಿ ಹೇರಳವಾಗಿರುವ ಪ್ರೋಟೀನ್, ಹಾಗಾಗಿ ಬೇಗ ತುಂಬುತ್ತದೆ. ನಾವು ಮೊದಲ ಬ್ಲಾಟ್ ಹಾಕಿದ್ದು 20 ಮೈಕ್ರೋಗ್ರಾಂನಲ್ಲಿ, ಗೆರೆ ಹೆಚ್ಚುಕಮ್ಮಿ ಮಲಗಿಬಿಟ್ಟ ಜಾಗದಲ್ಲಿ.

ಅಲ್ಲಿ ಏನಾಗುತ್ತದೆ ನೋಡಿ. ಯಾರೋ ಒಬ್ಬರು ಪ್ರೋಟೀನ್ ಅಳತೆಯಲ್ಲಿ ತಪ್ಪಿ ಒಂದು ಲೇನ್‌ಗೆ 20, ಪಕ್ಕದ ಲೇನ್‌ಗೆ 30 ಮೈಕ್ರೋಗ್ರಾಂ ಹಾಕಿದರು ಅಂದುಕೊಳ್ಳಿ. ಜಿಎಪಿಡಿಎಚ್ 6500 ಮತ್ತು 6600 ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಮೇಲಿನ ತುಂಡಿನಲ್ಲಿ ನೀವು ಅಳೆಯುವ ಪ್ರೋಟೀನ್ ಲೀನಿಯರ್ ವ್ಯಾಪ್ತಿಯಲ್ಲಿದ್ದರೆ 2000 ಮತ್ತು 3000 ಬರುತ್ತದೆ. ಜಿಎಪಿಡಿಎಚ್‌ನಿಂದ ಭಾಗಿಸಿದ ಮೇಲೂ ಸುಮಾರು ಒಂದೂವರೆ ಪಟ್ಟು ಏರಿಕೆ ಹಾಗೇ ಉಳಿಯುತ್ತದೆ. ಕೋಶದಲ್ಲಿ ಏನೂ ಬದಲಾಗಿಲ್ಲ. ಬದಲಾಗಿದ್ದು ಲೋಡಿಂಗ್. ಅದನ್ನು ಹಿಡಿಯಲೆಂದೇ ಇಟ್ಟುಕೊಂಡ ಕಂಟ್ರೋಲ್, ಎಲ್ಲ ಸಮ ಇದೆ ಅಂತ ಸಾಕ್ಷಿ ಹೇಳಿತು. ಅದಕ್ಕೇ ಜಿಎಪಿಡಿಎಚ್, ಆಕ್ಟಿನ್ ಸಾಲುಗಳು ತುಂಬಾ ದಪ್ಪಗೆ, ತುಂಬಾ ಸಮವಾಗಿ ಕಂಡರೆ ನನಗೆ ಅನುಮಾನ ಜಾಸ್ತಿ. ಕೈಯಲ್ಲಿ ಪಿಪೆಟ್ ಮಾಡಿದ ಲೇನ್‌ಗಳಲ್ಲಿ ಸ್ವಲ್ಪವಾದರೂ ಏರುಪೇರು ಇರಲೇಬೇಕು. ಲೋಡಿಂಗ್ ಕಂಟ್ರೋಲಿನಲ್ಲಿ ಆ ಏರುಪೇರು ಕಾಣಬೇಕು.

ಆಂಟಿಬಾಡಿಯನ್ನು ಇನ್ನಷ್ಟು ತೆಳು ಮಾಡಿ ಹಾಕಿದರೆ ಆಗೋದಿಲ್ಲವೇ ಅಂತ ಕೇಳುತ್ತಾರೆ. ಕಿಣ್ವ ಜಾಸ್ತಿಯಾಗಿ ಲ್ಯೂಮಿನಾಲ್ ಖಾಲಿಯಾಗುತ್ತಿದ್ದರೆ ಸೆಕೆಂಡರಿ ತೆಳು ಮಾಡೋದು ಖಂಡಿತ ಸಹಾಯ ಮಾಡುತ್ತದೆ. ಆದರೆ ಬ್ಯಾಂಡ್ ತೆಳುವಾಗಿ ಕಂಡ ಮಾತ್ರಕ್ಕೆ ಅದು ಲೀನಿಯರ್ ಆಯಿತು ಅಂತ ಅಲ್ಲ. ಪ್ರೋಟೀನ್ ಬೇಕಾದಷ್ಟಿದ್ದು ಆಂಟಿಬಾಡಿಯೇ ಸಾಲದಿದ್ದರೆ, ಮಂದ ಬಣ್ಣದಲ್ಲೇ ಗೆರೆ ಮಲಗಿರಬಹುದು. ಡೈಲ್ಯೂಶನ್ ಬದಲಿಸಿದರೆ ಸೀರೀಸನ್ನು ಮತ್ತೆ ಹಾಕಬೇಕು. ಹೊಸ ಆಂಟಿಬಾಡಿ ಬಾಟಲಿ, ಬೇರೆ ಇಸಿಎಲ್ ಕಿಟ್ ಬಂದಾಗಲೂ ಅಷ್ಟೇ.

ನಮ್ಮ ಪ್ರಯೋಗವನ್ನು ಸರಿಯಾಗಿ ಮಾಡೋದು ಹೇಗೆ? ಔಷಧದ ಪ್ರಶ್ನೆಗೆ ಉತ್ತರ ಸುಲಭ. ಎಲ್ಲ ಲೇನ್‌ಗೂ 4 ಮೈಕ್ರೋಗ್ರಾಂ ಹಾಕಿದರೆ ಶಾಕ್ 4000ದ ಆಸುಪಾಸು, ಔಷಧದ್ದು 2000ದ ಆಸುಪಾಸು, ಜಿಎಪಿಡಿಎಚ್ 3100ರ ಹತ್ತಿರ. ಎಲ್ಲವೂ ನಾವು ಪರೀಕ್ಷಿಸಿದ ವ್ಯಾಪ್ತಿಯ ಒಳಗೆ. ಕಂಟ್ರೋಲ್ ಮಾತ್ರ 400ಕ್ಕೆ ಇಳಿಯುತ್ತದೆ. ನಮ್ಮ ಸೀರೀಸಿನ ಅತಿ ಚಿಕ್ಕ ಅಂಕಿ 1250, ಅದರ ಕೆಳಗೆ ಏನಾಗುತ್ತದೆ ಅಂತ ನಾವು ನೋಡಿಯೇ ಇಲ್ಲ.

ಕಂಟ್ರೋಲಿಗೂ ಶಾಕ್‌ಗೂ ಹೋಲಿಸಬೇಕಾದರೆ ನನಗೆ ಇಷ್ಟವಾದ ಉಪಾಯ ಒಂದಿದೆ. ಕಂಟ್ರೋಲನ್ನು 20 ಮೈಕ್ರೋಗ್ರಾಂ ಹಾಕಿ, ಅದರ ಪಕ್ಕದಲ್ಲಿ ಶಾಕ್ ಲೈಸೇಟನ್ನು 4, 2, 1 ಅಂತ ಇಳಿಸುತ್ತಾ ಹಾಕಿ. ಯಾವ ಲೇನ್ ಕಂಟ್ರೋಲಿಗೆ ಸರಿಸಮ ಆಗುತ್ತದೋ ನೋಡಿ. 2 ಮೈಕ್ರೋಗ್ರಾಂ ಹೊಂದಿಕೊಂಡರೆ ವ್ಯತ್ಯಾಸ ಹತ್ತು ಪಟ್ಟು, ಮುಗಿಯಿತು. ಎರಡು ಬ್ಯಾಂಡೂ ಒಂದೇ ಮಟ್ಟದಲ್ಲಿ ಇರುವುದರಿಂದ ಗೆರೆ ನೇರವೋ ಡೊಂಕೋ ಅನ್ನೋದು ಹೆಚ್ಚು ಕಾಡುವುದಿಲ್ಲ. ತೆಳು ಮಾಡಲು ಬರೀ ಬಫರ್ ಬದಲು, ಆ ಪ್ರೋಟೀನ್ ಇಲ್ಲದ ನಾಕ್‌ಔಟ್ ಕೋಶದ ಲೈಸೇಟ್ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಎಲ್ಲ ಲೇನ್‌ನಲ್ಲೂ ಒಟ್ಟು ಪ್ರೋಟೀನ್ ಒಂದೇ ಇರುತ್ತದೆ, ಬ್ಯಾಂಡ್ ಓಡುವ ರೀತಿಯೂ ಒಂದೇ ಆಗುತ್ತದೆ.

ಅಳೆಯುವ ಹಂತದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕ್ಯಾಮೆರಾದಿಂದ ಬಂದ 16 ಬಿಟ್ ಟಿಫ್ ಫೈಲನ್ನೇ ಇಮೇಜ್‌ಜೆ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಸ್ಲೈಡಿನಲ್ಲಿ ಅಂಟಿಸಿದ ಜೆಪೆಗ್, ಸ್ಕ್ರೀನ್‌ಶಾಟ್ ಬೇಡ. ಅವು ಸಾಮಾನ್ಯವಾಗಿ 8 ಬಿಟ್, 256 ಮೆಟ್ಟಿಲು ಮಾತ್ರ, ಅದೂ ಯಾರೋ ಕಾಂಟ್ರಾಸ್ಟ್ ಏರಿಸಿದ ಮೇಲೆ. ಕಣ್ಣಿಗೆ ಕಾಣಲಿ ಅಂತ ಬ್ರೈಟ್‌ನೆಸ್ ತಿದ್ದಿಕೊಂಡರೆ ತೊಂದರೆಯಿಲ್ಲ, ಆದರೆ `Apply` ಒತ್ತಬೇಡಿ, ಒತ್ತಿದರೆ ಪಿಕ್ಸೆಲ್ಲಿನ ಅಂಕಿಯೇ ಬದಲಾಗುತ್ತದೆ. ಮೊದಲ ಲೇನ್ ಮೇಲೆ ಆಯತ ಎಳೆದು `Analyze > Gels > Select First Lane`, ಮುಂದಿನ ಲೇನ್‌ಗಳಿಗೆ `Select Next Lane`, ಕೊನೆಗೆ `Plot Lanes`. ಪ್ರತಿ ಶಿಖರದ ಬುಡಕ್ಕೆ ನೇರ ಗೆರೆ ಎಳೆದು ಬ್ಯಾಕ್‌ಗ್ರೌಂಡನ್ನು ಬೇರ್ಪಡಿಸಿ, ಮಂತ್ರದಂಡದ ಚಿತ್ರ ಇರುವ ಟೂಲಿನಿಂದ ಒಳಗೆ ಕ್ಲಿಕ್ ಮಾಡಿದರೆ ವಿಸ್ತೀರ್ಣ ಸಿಗುತ್ತದೆ. `Gel Analyzer Options` ಒಳಗೆ `Uncalibrated OD` ಅಂತ ಒಂದು ಗುರುತು ಇದೆ. ಇಸಿಎಲ್ ಚಿತ್ರಕ್ಕೆ ಅದನ್ನು ಹಾಕಬೇಡಿ. ಬೆಳಕು ಹೀರಿಕೊಳ್ಳುವ ಬಣ್ಣಕ್ಕೆ, ಸ್ಕ್ಯಾನ್ ಮಾಡಿದ ಫಿಲ್ಮಿಗೆ ಆ ಲಾಗರಿದಮ್ ಬೇಕು. ಇಲ್ಲಿ ಬ್ಯಾಂಡೇ ಬೆಳಕು ಕೊಡುತ್ತಿದೆ. ಕ್ಯಾಮೆರಾದ ಅಂಕಿಯೇ ನೇರವಾಗಿ ಬೆಳಕಿನ ಅಳತೆ, ಅದಕ್ಕೆ ಲಾಗ್ ಹಾಕಿದರೆ ನೇರ ಇದ್ದ ಗೆರೆಯನ್ನು ನೀವೇ ಬಗ್ಗಿಸಿದ ಹಾಗೆ.

ನೀವು ಹುಡುಕುತ್ತಿರುವ ಪ್ರೋಟೀನ್ ತೀರಾ ಕಡಿಮೆ ಇದ್ದು 30 ಮೈಕ್ರೋಗ್ರಾಂ ಹಾಕದೆ ಕಾಣುವುದೇ ಇಲ್ಲ ಅಂತಿದ್ದರೆ? ಆಗ ಜಿಎಪಿಡಿಎಚ್ ಬಿಡಿ. ಅದನ್ನು ಬೇರೆ ಜೆಲ್‌ನಲ್ಲಿ ಕಡಿಮೆ ಹಾಕಿ ಓಡಿಸಿದರೆ, ಆ ಜೆಲ್ಲಿನ ಲೋಡಿಂಗ್ ಗೊತ್ತಾಗುತ್ತದೆ, ಈ ಜೆಲ್ಲಿನದ್ದು ಗೊತ್ತಾಗುವುದಿಲ್ಲ. ಒಟ್ಟು ಪ್ರೋಟೀನ್ ಸ್ಟೇನ್ ಮಾಡಿ. ಟ್ರಾನ್ಸ್‌ಫರ್ ಆದ ಕೂಡಲೇ, ಬ್ಲಾಕಿಂಗ್‌ಗೆ ಮೊದಲು, 0.1 ಶೇಕಡಾ ಪಾನ್ಸೋ ಎಸ್ ಅನ್ನು 5 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಐದು ನಿಮಿಷ ಹಾಕಿ, ನೀರಿನಲ್ಲಿ ತೊಳೆದು ಸ್ಕ್ಯಾನ್ ಮಾಡಿ. ಆಮೇಲೆ ಬಣ್ಣ ತೊಳೆದುಹೋಗುತ್ತದೆ. ಇಡೀ ಲೇನಿನ ನೂರಾರು ಬ್ಯಾಂಡುಗಳ ಮೊತ್ತ ತೆಗೆಯುವುದರಿಂದ ಯಾವುದೋ ಒಂದು ಪ್ರೋಟೀನ್ ತುಂಬಿಹೋಗುವ ಸಮಸ್ಯೆ ಇಲ್ಲಿ ಕಡಿಮೆ. ನಮ್ಮ 4 ಮೈಕ್ರೋಗ್ರಾಂ ಲೇನ್‌ಗಳಿಗೆ ಪಾನ್ಸೋ ಮಂಕಾಗುತ್ತದೆ. ಅಲ್ಲಿ ಫ್ಲೋರೆಸೆಂಟ್ ಸ್ಟೇನ್ ಬೇಕು. ಯಾವುದೇ ಆಗಲಿ, ಅದಕ್ಕೂ ಅದೇ ಡೈಲ್ಯೂಶನ್ ಸೀರೀಸ್ ಹಾಕಿಯೇ ನಂಬಬೇಕು.

ಒಟ್ಟು ಪ್ರೋಟೀನಿಗೆ ಇನ್ನೊಂದು ಅನುಕೂಲ ಇದೆ. ಒಂದೇ ಪ್ರೋಟೀನನ್ನು ಕಂಟ್ರೋಲ್ ಮಾಡಿಕೊಂಡರೆ, ನಿಮ್ಮ ಪ್ರಯೋಗ ಅದನ್ನೇ ಬದಲಿಸಿಬಿಡಬಹುದು. ಆಮ್ಲಜನಕ ಕಡಿಮೆ ಮಾಡುವ ಪ್ರಯೋಗದಲ್ಲಿ ಹಲವು ಬಗೆಯ ಕೋಶಗಳಲ್ಲಿ ಜಿಎಪಿಡಿಎಚ್ ತಾನೇ ಏರುತ್ತದೆ, ಏಕೆಂದರೆ ಅದು ಗ್ಲೂಕೋಸ್ ಒಡೆಯುವ ಕಿಣ್ವ. ಹೀಟ್ ಶಾಕ್‌ನಲ್ಲಿ ತೊಡಕು ಬೇರೆ ಥರ. ಬಿಸಿಗೆ ಕೆಲವು ಪ್ರೋಟೀನ್‌ಗಳು ಗಂಟುಕಟ್ಟಿ ಸೌಮ್ಯ ಡಿಟರ್ಜೆಂಟಿನಲ್ಲಿ ಕರಗದೆ, ಸೆಂಟ್ರಿಫ್ಯೂಜ್ ಮಾಡಿದಾಗ ಪೆಲೆಟ್ ಜೊತೆ ಹೋಗಿಬಿಡುತ್ತವೆ. ನೀವು ಮೇಲಿನ ದ್ರವ ಮಾತ್ರ ಲೋಡ್ ಮಾಡಿದರೆ ಅವು ಕಡಿಮೆಯಾದ ಹಾಗೆ ಕಾಣುತ್ತವೆ. ಹಾಗಾಗಿ ಈ ಪ್ರಯೋಗಕ್ಕೆ ಕೋಶಗಳನ್ನು ನೇರವಾಗಿ ಎಸ್‌ಡಿಎಸ್ ಬಫರಿನಲ್ಲೇ ಒಡೆದು ಕುದಿಸಿ. ಆ ಬಫರಿನಲ್ಲಿ ಬ್ರಾಡ್‌ಫೋರ್ಡ್ ಕೆಲಸ ಮಾಡುವುದಿಲ್ಲ, ಪ್ರೋಟೀನ್ ಅಳೆಯಲು ಬಿಸಿಎ ಬಳಸಿ. ಮರ್ಕ್ಯಾಪ್ಟೋಎಥನಾಲ್ ಅಥವಾ ಡಿಟಿಟಿಯನ್ನು ಅಳೆದ ಮೇಲೆ ಸೇರಿಸಿ, ಮೊದಲೇ ಹಾಕಿದರೆ ಬಿಸಿಎ ಅಂಕಿ ಕೆಡುತ್ತದೆ.

ಕೊನೆಯದಾಗಿ, ಸೀರೀಸ್ ಇಲ್ಲದೆ ಈಗಾಗಲೇ ಮಾಡಿಟ್ಟ ಬ್ಲಾಟ್‌ಗಳ ಮಾತು. ಅವುಗಳನ್ನೆಲ್ಲ ಎಸೆಯಬೇಕಾಗಿಲ್ಲ. ಲೈಸೇಟ್ ಮೈನಸ್ 80ರಲ್ಲಿ ಉಳಿದಿದ್ದರೆ ಅತಿ ಕಪ್ಪು ಸ್ಯಾಂಪಲ್ಲಿನ ಒಂದು ಸೀರೀಸ್ ಹಾಕಿ, ಅದರ ಜೊತೆ ಅದೇ ಜೆಲ್‌ನಲ್ಲಿ ಮೊದಲ ಬ್ಲಾಟಿನ ಒಂದೆರಡು ಸ್ಯಾಂಪಲ್ಲನ್ನು ಮೊದಲಿನಷ್ಟೇ ಹಾಕಿ. ಆ ಒಂದೆರಡು ಸ್ಯಾಂಪಲ್ ಗೆರೆಯ ನೇರ ಭಾಗದಲ್ಲಿ ಬಿದ್ದರೆ ಹಳೆಯ ಅಂಕಿಗಳನ್ನು ಇಟ್ಟುಕೊಳ್ಳಬಹುದು. ಬಾಗಿದ ಭಾಗದಲ್ಲಿ ಬಿದ್ದರೆ ಕಡಿಮೆ ಲೋಡ್ ಮಾಡಿ ಮತ್ತೆ ಓಡಿಸಿ. ಬೇರೆ ದಿನದ ಗೆರೆಯನ್ನು ಹಳೆಯ ಬ್ಲಾಟಿಗೆ ಹೊಂದಿಸಿ ಅಂಕಿ ತಿದ್ದಲು ಹೋಗಬೇಡಿ. ಇಸಿಎಲ್ ಎಷ್ಟು ಹೊತ್ತು ಹಾಕಿದ್ದಿರಿ, ಎಷ್ಟು ನಿಮಿಷಕ್ಕೆ ಚಿತ್ರ ತೆಗೆದಿರಿ ಅನ್ನುವುದರ ಮೇಲೆ ಗೆರೆ ಬಾಗುವ ಜಾಗವೇ ಬದಲಾಗುತ್ತದೆ. ಲೈಸೇಟೂ ಉಳಿದಿಲ್ಲ ಅಂದರೆ ಬ್ಲಾಟಿನ ಚಿತ್ರ ಹಾಕಿ, ಏರಿತು ಅಥವಾ ಇಳಿಯಿತು ಅಂತ ಮಾತ್ರ ಬರೆಯಿರಿ. ಎಷ್ಟು ಪಟ್ಟು ಅನ್ನುವ ಬಾರ್ ಗ್ರಾಫ್ ಬಿಟ್ಟುಬಿಡಿ.